ಹಾಡಿನಿಂದ ಬಂದ ರೀಚಾ, ಹೋಳಿಗೆಯಿಂದ ಬಂದ ರೀಚಾ? ಟ್ರೆಂಡಿಂಗ್ ಆಡಿಯೋ ಅಳೆಯೋದು ಹೇಗೆ

ಈ ಸಲದ ಸಂಚಿಕೆ ಶುರುವಾಗಿದ್ದು ಒಂದು ಫೋನ್ ಕಾಲ್‌ನಿಂದ. ನಮ್ಮ ಅಕ್ಕ ಸಿಂಗಪುರದಲ್ಲಿದ್ದಾಳೆ. ಇನ್‌ಸ್ಟಾಗ್ರಾಮ್‌ನಲ್ಲಿ ಅಡುಗೆ ರೀಲ್ಸ್ ಹಾಕ್ತಾಳೆ. ಕ್ಯಾಮೆರಾ ಒಲೆ ಕಡೆ ಇರುತ್ತೆ, ಹಿಂದಿನಿಂದ ಅವಳ ಧ್ವನಿ ಕೇಳುತ್ತೆ: "ಬೇಳೆ ಬೆಂದಿರಬೇಕು, ಆದ್ರೆ ಮುದ್ದೆ ಆಗಬಾರ್ದು, ನೋಡಿ ಹೀಗೆ." ಅವಳನ್ನ ಇಷ್ಟಪಡೋ ಜನ ಇಷ್ಟಪಡೋದೇ ಆ ಮಾತಿಗೆ.

ಒಂದು ಭಾನುವಾರ ಫೋನ್ ಮಾಡಿ ಅಂದ್ಲು, "ಇನ್ಮೇಲೆ ನಾನು ಮಾತಾಡಲ್ಲ ಕಣೋ. ಬರೀ ಟ್ರೆಂಡಿಂಗ್ ಆಡಿಯೋ ಹಾಕ್ತೀನಿ. ಲೆಕ್ಕ ನೋಡಿದೀನಿ, ಎರಡು ಪಟ್ಟಿಗಿಂತ ಜಾಸ್ತಿ ರೀಚ್ ಬರುತ್ತೆ."

ಟ್ರೆಂಡಿಂಗ್ ಆಡಿಯೋ ಅಂದ್ರೆ ಗೊತ್ತಲ್ಲ, ಆ ವಾರ ಎಲ್ಲರೂ ತಮ್ಮ ವಿಡಿಯೋಗೆ ಹಾಕ್ತಿರೋ ಹಾಡಿನ ತುಣುಕು. ಇನ್‌ಸ್ಟಾಗ್ರಾಮ್‌ನಲ್ಲಿ ಅದರ ಹೆಸರಿನ ಪಕ್ಕ ಮೇಲಕ್ಕೆ ತಿರುಗಿದ ಒಂದು ಚಿಕ್ಕ ಬಾಣ ಕಾಣುತ್ತೆ. ರೀಚ್ ಅಂದ್ರೆ ವಿಡಿಯೋ ಎಷ್ಟು ಬೇರೆ ಬೇರೆ ಖಾತೆಗಳನ್ನ ತಲುಪಿತು ಅನ್ನೋ ಎಣಿಕೆ. ಒಬ್ಬರೇ ಹತ್ತು ಸಲ ನೋಡಿದ್ರೂ ರೀಚ್ ಒಂದೇ.

ನಾನು ಕೇಳ್ದೆ, "ಅಕ್ಕ, ಆ ಎರಡು ಪಟ್ಟು ಎಲ್ಲಿಂದ ಬಂತು?" ಅವಳು ತನ್ನ ಕೊನೆಯ 40 ವಿಡಿಯೋಗಳ ಪಟ್ಟಿ ಕಳಿಸಿದ್ಲು. 20 ಟ್ರೆಂಡಿಂಗ್ ಆಡಿಯೋದವು, 20 ಅವಳ ಧ್ವನಿಯವು. ಲೆಕ್ಕ ಸುಲಭವಾಗಲಿ ಅಂತ ಸಂಖ್ಯೆಗಳನ್ನ ದುಂಡಗೆ ಮಾಡಿ ಹೇಳ್ತಿದ್ದೀನಿ. ಟ್ರೆಂಡಿಂಗ್ ಆಡಿಯೋದವುಗಳ ಸರಾಸರಿ ರೀಚ್ 2,580. ಧ್ವನಿಯವುಗಳದ್ದು 1,160. ಭಾಗಿಸಿದ್ರೆ 2.2 ಪಟ್ಟು. ಅಕ್ಕನ ಗಣಿತದಲ್ಲಿ ತಪ್ಪಿಲ್ಲ.

ಆದ್ರೆ ಪಟ್ಟಿಯನ್ನ ಇನ್ನೊಂದು ಸಲ ನೋಡಿದಾಗ ಒಂದು ವಿಷಯ ಕಣ್ಣಿಗೆ ಬಿತ್ತು. ಹೋಳಿಗೆ, ಮೈಸೂರು ಪಾಕ್, ಚಿರೋಟಿ, ಇಂಥ ಹಬ್ಬದ ಸಿಹಿಗಳ ವಿಡಿಯೋ 20 ಇದ್ವು. ಅವುಗಳಲ್ಲಿ 16ಕ್ಕೆ ಅವಳು ಹಾಡು ಹಾಕಿದ್ಲು. ಸಾರು, ಪಲ್ಯ, ಗೊಜ್ಜು, ಅಂದ್ರೆ ದಿನದ ಅಡುಗೆಯವು 20. ಅವುಗಳಲ್ಲಿ 16ರಲ್ಲಿ ಅವಳೇ ಮಾತಾಡಿದ್ಲು. ಕಾರಣ ಸರಳ. ಸಾರಿನಲ್ಲಿ ಹೇಳೋಕೆ ಬೇಕಾದಷ್ಟಿದೆ. ತುಪ್ಪ ಹೀರ್ಕೊಂಡು ಉಬ್ಬೋ ಹೋಳಿಗೆಗೆ ಮಾತೇ ಬೇಡ.

ಈಗ ಸಿಹಿಯನ್ನ ಸಿಹಿಯ ಜೊತೆ, ಸಾರನ್ನ ಸಾರಿನ ಜೊತೆ ಮಾತ್ರ ಹೋಲಿಸೋಣ. ಸಿಹಿಗಳಲ್ಲಿ ಹಾಡಿನವು 3,000, ಧ್ವನಿಯವು 2,600. ದಿನದ ಅಡುಗೆಯಲ್ಲಿ ಹಾಡಿನವು 900, ಧ್ವನಿಯವು 800. ಎರಡೂ ಕಡೆ ವ್ಯತ್ಯಾಸ ನೂರಕ್ಕೆ ಹದಿಮೂರು, ಹದಿನೈದರ ಆಸುಪಾಸು. 2.2 ಪಟ್ಟು ಅನ್ನೋದು ಹೆಚ್ಚುಕಡಿಮೆ ಕರಗಿಹೋಯ್ತು. ಹಾಡಿನ ಲೆಕ್ಕಕ್ಕೆ ಬರ್ಕೊಂಡಿದ್ದರಲ್ಲಿ ಬಹುಪಾಲು ಹೋಳಿಗೆಗೆ ಸೇರಬೇಕಾದದ್ದು.

ಸಂಖ್ಯಾಶಾಸ್ತ್ರದಲ್ಲಿ ಇದು ಹಳೇ ಕಾಯಿಲೆ. ಎರಡು ಕಾರಣಗಳು ಒಟ್ಟೊಟ್ಟಿಗೆ ಬಂದಾಗ ಒಂದರ ಫಲವನ್ನ ಇನ್ನೊಂದಕ್ಕೆ ಕೊಟ್ಟುಬಿಡ್ತೀವಿ. ಇಲ್ಲಿ ನನಗೆ ಅಡುಗೆಯ ಬಗೆ ಕಾಣಿಸ್ತು, ಬೇರೆ ಮಾಡಿದೆ. ಕಾಣದೇ ಇರೋವು ಎಷ್ಟಿರಬಹುದು? ಹಾಡು ಹಾಕಿದ ದಿನ ಎಡಿಟಿಂಗ್‌ಗೆ ಹೆಚ್ಚು ಹೊತ್ತು ಕೊಟ್ಟಿರಬಹುದು, ಬೆಳಕು ಚೆನ್ನಾಗಿರಬಹುದು, ಹಬ್ಬದ ವಾರ ಜನ ಫೋನ್ ಹೆಚ್ಚು ನೋಡಿರಬಹುದು. ಹಳೇ ಪಟ್ಟಿಯನ್ನ ಎಷ್ಟೇ ಸೋಸಿದ್ರೂ ಈ ಅನುಮಾನ ಪೂರ್ತಿ ಹೋಗಲ್ಲ. ಬೇಕಾಗಿರೋದು ದೃಶ್ಯ ಹಾಗೇ ಇದ್ದು ಶಬ್ದ ಮಾತ್ರ ಬದಲಾಗೋ ಸಂದರ್ಭ.

ಅಂಥದ್ದು ಒಮ್ಮೆ ದೊಡ್ಡ ಮಟ್ಟದಲ್ಲಿ, ಯಾರೂ ಪ್ರಯೋಗ ಅಂತ ಯೋಜಿಸದೇನೇ ನಡೆದುಬಿಡ್ತು. 2024ರ ಜನವರಿ 31ಕ್ಕೆ ಯೂನಿವರ್ಸಲ್ ಮ್ಯೂಸಿಕ್ ಗ್ರೂಪ್ ಮತ್ತು ಟಿಕ್‌ಟಾಕ್ ನಡುವಿನ ಪರವಾನಗಿ ಒಪ್ಪಂದ ಮುಗಿದುಹೋಯ್ತು. ಭಾರತದಲ್ಲಿ ಟಿಕ್‌ಟಾಕ್ 2020ರ ಜೂನ್‌ನಲ್ಲೇ ನಿಷೇಧ ಆಗಿತ್ತು, ಹಾಗಾಗಿ ಊರಲ್ಲಿದ್ದವರಿಗೆ ಇದು ತಟ್ಟಲಿಲ್ಲ. ಬೇರೆ ದೇಶಗಳಲ್ಲಿ ಇದ್ದ ನಮ್ಮಂಥವರು ನೋಡಿರ್ತೀರಿ. ಆ ಕಂಪನಿಯ ಹಾಡಿದ್ದ ವಿಡಿಯೋಗಳು ಮೂಕವಾದ್ವು. ಚಿತ್ರ ಅದೇ, ಖಾತೆ ಅದೇ, ಶೀರ್ಷಿಕೆ ಅದೇ, ಶಬ್ದ ಮಾತ್ರ ಇಲ್ಲ. ಮೇ ತಿಂಗಳ ಆರಂಭದಲ್ಲಿ ಹೊಸ ಒಪ್ಪಂದ ಆಯ್ತು, ಹಾಡುಗಳು ವಾಪಸ್ ಬಂದ್ವು.

ಇಲ್ಲಿ ಮಾಡಬಹುದಾದ ಲೆಕ್ಕ ಹೀಗಿದೆ. ಮೂಕವಾದ ವಿಡಿಯೋಗಳ ದಿನದ ವೀಕ್ಷಣೆ ಆ ದಿನದ ಮುಂಚೆ ಎಷ್ಟಿತ್ತು, ಆಮೇಲೆ ಎಷ್ಟಾಯ್ತು ನೋಡೋದು. ಅದೇ ವಯಸ್ಸಿನ, ಬೇರೆ ಕಂಪನಿಯ ಹಾಡಿದ್ದ ವಿಡಿಯೋಗಳಲ್ಲೂ ಅದೇ ದಿನಗಳ ಮುಂಚೆ-ಆಮೇಲೆ ನೋಡೋದು. ಮೊದಲ ಇಳಿತದಿಂದ ಎರಡನೇ ಇಳಿತವನ್ನ ಕಳೆಯೋದು. ಎರಡನೇ ಗುಂಪು ಯಾಕೆ ಬೇಕು ಅಂದ್ರೆ, ವಿಡಿಯೋ ಹಳೇದಾದಂತೆ ವೀಕ್ಷಣೆ ತಾನಾಗೇ ಇಳಿಯುತ್ತೆ. ಆ ಸಹಜ ಇಳಿತವನ್ನ ಹಾಡು ಹೋದದ್ದರ ತಲೆಗೆ ಕಟ್ಟಬಾರದು.

ಆದ್ರೂ ಈ ಘಟನೆ ಅಕ್ಕನ ಪ್ರಶ್ನೆಗೆ ಪೂರ್ತಿ ಉತ್ತರ ಕೊಡಲ್ಲ. ಮೂಕವಾದ ವಿಡಿಯೋ ಅಂದ್ರೆ ಕುಣಿಯೋರಿದ್ದಾರೆ, ಹಾಡಿಲ್ಲ. ನೋಡೋರು ಸ್ಪೀಕರ್ ಕೆಟ್ಟಿದ್ಯೇನೋ ಅಂತ ಮುಂದೆ ಹೋಗ್ತಾರೆ. ಅಲ್ಲಿ ಅಳತೆಗೆ ಸಿಗೋದು ಹಾಡಿಗೂ ಮೌನಕ್ಕೂ ಇರೋ ವ್ಯತ್ಯಾಸ. ಅಕ್ಕನಿಗೆ ಬೇಕಾಗಿದ್ದು ಟ್ರೆಂಡಿಂಗ್ ಹಾಡಿಗೂ ತನ್ನ ಮಾತಿಗೂ ಇರೋ ವ್ಯತ್ಯಾಸ. ಎರಡೂ ಬೇರೆ ಬೇರೆ.

ಇಲ್ಲೇ ನಾವು ಸಾಮಾನ್ಯವಾಗಿ ಗಮನಿಸದ ಒಂದು ವಿಷಯ ಇದೆ. ಟ್ರೆಂಡಿಂಗ್ ಆಡಿಯೋ ಹಾಕಿದಾಗ ನಿಜಕ್ಕೂ ಎರಡು ಕೆಲಸ ಒಟ್ಟಿಗೆ ನಡೆಯುತ್ತೆ. ಒಂದು, ನೋಡೋರ ಕಿವಿಗೆ ಹಾಡು ಕೇಳುತ್ತೆ. ಪರಿಚಿತ ರಾಗ ಕೇಳಿ ಅವರು ಇನ್ನೂ ನಾಲ್ಕು ಸೆಕೆಂಡ್ ನಿಲ್ಲಬಹುದು. ಎರಡು, ವಿಡಿಯೋಗೆ ಒಂದು ಲೇಬಲ್ ಅಂಟುತ್ತೆ; ಆ ಹಾಡಿನ ಹೆಸರು ಒತ್ತಿದ್ರೆ ಅದನ್ನ ಬಳಸಿದ ವಿಡಿಯೋಗಳ ಪುಟ ತೆರೆಯುತ್ತೆ, ಅಲ್ಲಿ ನಿಮ್ಮದೂ ಸೇರುತ್ತೆ. ಆ ಆಡಿಯೋ ಇಷ್ಟಪಟ್ಟವರಿಗೆ ನಿಮ್ಮ ವಿಡಿಯೋ ತೋರಿಸೋಕೆ ವ್ಯವಸ್ಥೆಗೆ ಒಂದು ಸುಳಿವೂ ಸಿಗಬಹುದು. ಮೊದಲನೇದು ಕಿವಿಯ ಪರಿಣಾಮ, ಎರಡನೇದು ಲೇಬಲ್‌ನ ಪರಿಣಾಮ. "ಟ್ರೆಂಡಿಂಗ್ ಆಡಿಯೋ ಹಾಕಿದ್ರೆ ಅಲ್ಗಾರಿದಮ್ ಎತ್ತಿಬಿಡುತ್ತೆ" ಅಂತ ಜನ ಹೇಳೋದು ಈ ಎರಡನೇದರ ಬಗ್ಗೆ.

ಇವೆರಡನ್ನ ಬಿಡಿಸೋಕೆ ಒಂದು ದಾರಿ ಇದೆ, ಅದೂ ಆ್ಯಪ್ ಒಳಗೇ ಇದೆ. ಎಡಿಟ್ ಮಾಡುವಾಗ ನಿಮ್ಮ ಧ್ವನಿಯ ವಾಲ್ಯೂಮ್, ಹಾಡಿನ ವಾಲ್ಯೂಮ್ ಎರಡನ್ನೂ ಬೇರೆ ಬೇರೆ ಇಡಬಹುದು. ಹಾಡನ್ನ ಸೇರಿಸಿ ಅದರ ವಾಲ್ಯೂಮ್ ಕಿವಿಗೆ ಕೇಳದಷ್ಟು ಇಳಿಸಿದ್ರೆ ಲೇಬಲ್ ಇರುತ್ತೆ, ಹಾಡು ಇರಲ್ಲ. ಹಾಗಾಗಿ ನಾವು ಮೂರು ಬಗೆ ಮಾಡಿದ್ವಿ. ಮೊದಲನೇದು ಬರೀ ಅಕ್ಕನ ಧ್ವನಿ. ಎರಡನೇದು ಅಕ್ಕನ ಧ್ವನಿ, ಜೊತೆಗೆ ಕೇಳದ ಟ್ರೆಂಡಿಂಗ್ ಹಾಡು. ಮೂರನೇದು ಟ್ರೆಂಡಿಂಗ್ ಹಾಡು ಮಾತ್ರ, ಮಾತಿನ ಜಾಗದಲ್ಲಿ ಅಕ್ಷರ. ಎರಡರಿಂದ ಒಂದನ್ನ ಹೋಲಿಸಿದ್ರೆ ಲೇಬಲ್‌ನ ಪರಿಣಾಮ. ಮೂರರಿಂದ ಎರಡನ್ನ ಹೋಲಿಸಿದ್ರೆ ಕಿವಿಯ ಪರಿಣಾಮ. ಮೂರರಿಂದ ಒಂದನ್ನ ಹೋಲಿಸಿದ್ರೆ ಅಕ್ಕ ಕೇಳಿದ ಒಟ್ಟು ಪ್ರಶ್ನೆಗೆ ಉತ್ತರ.

"ಹಾಗಿದ್ರೆ ಒಂದೇ ವಿಡಿಯೋನ ಮೂರು ಸಲ ಹಾಕ್ತೀನಿ, ಮುಗೀತಲ್ಲ?" ಅಂದ್ಲು ಅಕ್ಕ. ಅದು ಆಗಲ್ಲ. ಎರಡನೇ ಸಲ ಹಾಕಿದಾಗ ಅವಳ ಫಾಲೋವರ್‌ಗಳು ಅದನ್ನ ಆಗಲೇ ನೋಡಿರ್ತಾರೆ, ತಳ್ಳಿಬಿಡ್ತಾರೆ. ಆಗ ನಾವು ಅಳೆಯೋದು ಹಾಡನ್ನಲ್ಲ, ಬೇಸರವನ್ನ. 2024ರ ಡಿಸೆಂಬರ್‌ನಲ್ಲಿ ಇನ್‌ಸ್ಟಾಗ್ರಾಮ್ ಟ್ರಯಲ್ ರೀಲ್ಸ್ ಅನ್ನೋ ಸೌಲಭ್ಯ ತಂತು. ಅದರಲ್ಲಿ ವಿಡಿಯೋ ಮೊದಲು ಫಾಲೋವರ್ ಅಲ್ಲದವರಿಗೆ ಹೋಗುತ್ತೆ, ಈ ಬೇಸರದ ತೊಂದರೆ ಸ್ವಲ್ಪ ಕಡಿಮೆ. ಆದ್ರೆ ಯಾರಿಗೆ ಯಾವ ಆವೃತ್ತಿ ಅನ್ನೋದನ್ನ ಚೀಟಿ ಎತ್ತಿ ಹಂಚೋ ಅಧಿಕಾರ ಅಲ್ಲೂ ನಮಗಿಲ್ಲ. ಒಂದೇ ವಿಡಿಯೋನ ಅರ್ಧ ಜನಕ್ಕೆ ಹಾಡಿನ ಜೊತೆ, ಅರ್ಧ ಜನಕ್ಕೆ ಹಾಡಿಲ್ಲದೆ ತೋರಿಸೋ ಶಕ್ತಿ ಇರೋದು ಕಂಪನಿಗೆ ಮಾತ್ರ.

ನಮ್ಮ ಕೈಲಿ ಆಗೋದು ಏನು ಅಂದ್ರೆ, ಜನರ ಬದಲು ವಿಡಿಯೋಗಳನ್ನ ಹಂಚೋದು. ಅಕ್ಕ 24 ವಿಡಿಯೋ ಮೊದಲೇ ಶೂಟ್ ಮಾಡಿಟ್ಟುಕೊಂಡ್ಲು, ಯಾವ ಶಬ್ದ ಅಂತ ಗೊತ್ತಿಲ್ಲದೇನೇ. ಇದು ಮುಖ್ಯ. ಹಾಡು ಗೊತ್ತಿದ್ರೆ ಕೈ ತಾನಾಗೇ ಆ ಲಯಕ್ಕೆ ಶೂಟ್ ಮಾಡುತ್ತೆ. ಆಮೇಲೆ ಒಂದೇ ಥರದ ಮೂರು ಮೂರನ್ನ ಸೇರಿಸಿ 8 ಗುಂಪು ಮಾಡಿದ್ವಿ: ಮೂರು ಸಿಹಿ ಒಂದು ಗುಂಪು, ಮೂರು ಸಾರು ಒಂದು ಗುಂಪು, ಹೀಗೆ. ಪ್ರತಿ ಗುಂಪಿನಲ್ಲಿ ಯಾವುದಕ್ಕೆ ಯಾವ ಬಗೆಯ ಶಬ್ದ ಅನ್ನೋದನ್ನ ದಾಳ ಹಾಕಿ ನಿರ್ಧಾರ. ವಾರಕ್ಕೊಂದು ಗುಂಪು. ಸೋಮವಾರ, ಬುಧವಾರ, ಶುಕ್ರವಾರ, ಸಿಂಗಪುರದ ರಾತ್ರಿ ಎಂಟಕ್ಕೆ. ಬೆಂಗಳೂರಲ್ಲಿ ಆಗ ಸಂಜೆ ಐದೂವರೆ. ಯಾವ ದಿನ ಯಾವುದು ಅನ್ನೋದಕ್ಕೂ ದಾಳ. ಒಟ್ಟು ಎಂಟು ವಾರ.

ದಾಳ ಯಾಕೆ, ಅಕ್ಕನೇ ಯೋಚಿಸಿ ಹಂಚಬಹುದಲ್ಲ? ಅವಳು ಹಂಚಿದ್ರೆ ಹೋಳಿಗೆಗೆ ಮತ್ತೆ ಹಾಡೇ ಬೀಳುತ್ತೆ. ದಾಳಕ್ಕೆ ಹೋಳಿಗೆಯ ಮೇಲೆ ಪ್ರೀತಿ ಇಲ್ಲ. ಬೆಳಕು, ಶ್ರಮ, ಹಬ್ಬ, ನಮಗೆ ಹೊಳೆಯದೇ ಇರೋ ಇನ್ನೇನೇ ಇದ್ರೂ ಅದು ಯಾವ ಬಗೆಗೂ ಬೇಕಂತಲೇ ಅಂಟಿಕೊಳ್ಳಲ್ಲ. ಹಳೇ ಪಟ್ಟಿಯನ್ನ ಸೋಸಿ ಸಿಗದೇ ಇದ್ದದ್ದು ಇದೇ.

ಅಳೆಯೋಕೂ ಎರಡು ನಿಯಮ ಮೊದಲೇ ಬರೆದಿಟ್ವಿ. ಪ್ರತಿ ವಿಡಿಯೋದ ರೀಚನ್ನ ಹಾಕಿದ ಏಳನೇ ದಿನ, ಅದೇ ಹೊತ್ತಿಗೆ ಬರ್ಕೋಬೇಕು, ಯಾಕಂದ್ರೆ ಹಳೇ ವಿಡಿಯೋಗೆ ಸಂಗ್ರಹಿಸೋಕೆ ಹೆಚ್ಚು ದಿನ ಸಿಕ್ಕಿರುತ್ತೆ. ಇನ್ನೊಂದು, ಫಾಲೋವರ್ ಅಲ್ಲದವರ ರೀಚ್ ಮಾತ್ರ ಎಣಿಸಬೇಕು. ಇನ್‌ಸೈಟ್ಸ್‌ನಲ್ಲಿ ಈ ಎರಡು ಪಾಲು ಬೇರೆ ಬೇರೆ ಕಾಣುತ್ತೆ. ಒಂದು ವಿಡಿಯೋ ಚೆನ್ನಾಗಿ ಓಡಿ ಫಾಲೋವರ್ ಬಂದ್ರೆ, ಮುಂದಿನ ವಿಡಿಯೋಗೆ ಅವರು ಪುಕ್ಕಟೆ ಸಿಗ್ತಾರೆ. ಆ ಪುಕ್ಕಟೆ ಲಾಭ ಲೆಕ್ಕ ಕೆಡಿಸಬಾರದು.

ಎಂಟು ವಾರ ಆಯ್ತು. ಪ್ರತಿ ಗುಂಪಿನಲ್ಲಿ, ಬರೀ ಧ್ವನಿಯ ವಿಡಿಯೋಗೆ ಹೋಲಿಸಿದ್ರೆ ಉಳಿದವು ಎಷ್ಟು ಪಟ್ಟು ಅಂತ ನೋಡಿದ್ವಿ.

ಲೇಬಲ್ ಮಾತ್ರ ಇದ್ದವು ಎಂಟು ವಾರದಲ್ಲಿ ಹೀಗೆ ಬಂದ್ವು: 1.1, 0.8, 1.4, 0.9, 1.3, 0.7, 1.2, 1.0 ಪಟ್ಟು. ಒಂದರ ಮೇಲೆ ಸ್ವಲ್ಪ, ಕೆಳಗೆ ಸ್ವಲ್ಪ. ಕೇಳೋ ಹಾಡಿನವು ಹೀಗೆ: 1.6, 0.7, 1.3, 9.0, 0.9, 0.6, 1.1, 0.8 ಪಟ್ಟು.

ಈ ಎರಡನೇ ಸಾಲಿನ ಸರಾಸರಿ ತೆಗೀರಿ. ಎಲ್ಲ ಕೂಡಿಸಿದ್ರೆ 16, ಎಂಟರಿಂದ ಭಾಗಿಸಿದ್ರೆ 2. ಅಕ್ಕ ತಕ್ಷಣ, "ನೋಡ್ದಾ, ಎರಡು ಪಟ್ಟೇ!" ಅಂದ್ಲು. ನಾನು ಆ 9.0 ತೋರಿಸ್ದೆ. ನಾಲ್ಕನೇ ವಾರದ ಒಂದೇ ಒಂದು ವಿಡಿಯೋ ಎತ್ತಿಬಿಟ್ಟಿದೆ. ಉಳಿದ ಏಳರಲ್ಲಿ ಮೂರು ಮೇಲೆ, ನಾಲ್ಕು ಕೆಳಗೆ. ಎಂಟನ್ನೂ ಏರಿಕೆ ಕ್ರಮದಲ್ಲಿ ಇಟ್ಟು ಮಧ್ಯದ್ದು, ಅಂದ್ರೆ ಮಧ್ಯಾಂಕ ನೋಡಿದ್ರೆ 1.0. ಏನೂ ವ್ಯತ್ಯಾಸ ಇಲ್ಲ.

ಆ 9.0 ಹಾಡಿನ ಮಹಿಮೆ ಇರಬಹುದಲ್ಲ ಅಂತ ನೀವು ಕೇಳಬಹುದು. ಇರಬಹುದು. ಆದ್ರೆ ಒಂದು ವಸ್ತು ಗೆದ್ದಿದ್ದರಿಂದಲೇ ಅದರ ಗುಣ ಹೇಳೋದು ಕಷ್ಟ ಅಂತ ತೋರಿಸಿದ ಒಂದು ಪ್ರಯೋಗ ಇದೆ. 2006ರಲ್ಲಿ ಸೈನ್ಸ್ ಪತ್ರಿಕೆಯಲ್ಲಿ ಬಂತು, ಮಾಡಿದವರು ಕೊಲಂಬಿಯಾ ವಿಶ್ವವಿದ್ಯಾಲಯದ ಮ್ಯಾಥ್ಯೂ ಸಾಲ್ಗಾನಿಕ್, ಪೀಟರ್ ಡಾಡ್ಸ್ ಮತ್ತು ಡಂಕನ್ ವಾಟ್ಸ್. ಹೆಸರಿಲ್ಲದ ತಂಡಗಳ 48 ಹಾಡುಗಳನ್ನ 14,341 ಜನರಿಗೆ ಕೇಳಿಸಿದ್ರು. ಆ ಜನರಲ್ಲಿ ಒಂದು ಭಾಗವನ್ನ ಎಂಟು ಬೇರೆ ಬೇರೆ ಲೋಕಗಳಿಗೆ ಹಂಚಿದ್ರು. ಪ್ರತಿ ಲೋಕದಲ್ಲೂ ಆ ಲೋಕದವರು ಯಾವ ಹಾಡನ್ನ ಎಷ್ಟು ಡೌನ್‌ಲೋಡ್ ಮಾಡಿದ್ದಾರೆ ಅಂತ ಕಾಣ್ತಿತ್ತು. ಹಾಡುಗಳು ಅವೇ, ಶುರುವೂ ಸೊನ್ನೆಯಿಂದಲೇ. ಆದ್ರೂ ಒಂದು ಲೋಕದಲ್ಲಿ ಮೇಲೆ ಹೋದ ಹಾಡು ಇನ್ನೊಂದರಲ್ಲಿ ಹೋಗಲಿಲ್ಲ. ತುಂಬಾ ಒಳ್ಳೇದು ಕೆಳಗೆ ಬಿದ್ದಿದ್ದು ಅಪರೂಪ, ತುಂಬಾ ಕೆಟ್ಟದ್ದು ಮೇಲೆ ಹೋಗಿದ್ದು ಅಪರೂಪ; ನಡುವಿನವುಗಳ ಗತಿ ಹೆಚ್ಚಾಗಿ ಮೊದಲ ಕೆಲವರ ಆಯ್ಕೆಯ ಮೇಲೆ ನಿಂತಿತ್ತು. ರೀಲ್ಸ್‌ನಲ್ಲೂ ಮೊದಲು ನೋಡಿದವರು ಏನು ಮಾಡಿದ್ರು ಅನ್ನೋದರ ಮೇಲೆ ಮುಂದಿನವರಿಗೆ ಹೋಗುತ್ತೆ. ಹಾಗಾಗಿ ಆಗೊಮ್ಮೆ ಈಗೊಮ್ಮೆ ಒಂಬತ್ತು ಪಟ್ಟು ಬರೋದು ಈ ಆಟದ ಸ್ವಭಾವ. ಅಕ್ಕನ ಹಳೇ ಪಟ್ಟಿಯಲ್ಲೂ, ಬರೀ ಧ್ವನಿಯ ಒಂದು ನುಗ್ಗೆಸೊಪ್ಪಿನ ಪಲ್ಯ ಹೀಗೇ ಹಾರಿತ್ತು.

ಈ ಸ್ವಭಾವಕ್ಕೆ ಹೊಂದೋ ಅಳತೆ ಅಂದ್ರೆ ಪಟ್ಟುಗಳನ್ನ ಕೂಡಿಸೋ ಬದಲು ಗುಣಿಸೋದು. ಎಂಟನ್ನೂ ಗುಣಿಸಿ ಎಂಟನೇ ಮೂಲ ತೆಗೆದ್ರೆ ಸಿಗೋದು ಗುಣೋತ್ತರ ಸರಾಸರಿ. ಇದರಲ್ಲಿ ಎರಡು ಪಟ್ಟು ಏರಿದ್ದೂ ಅರ್ಧಕ್ಕೆ ಇಳಿದದ್ದೂ ಒಂದಕ್ಕೊಂದು ಸರಿಹೋಗುತ್ತೆ. ಶಾಲೆಯ ಲಾಗರಿದಮ್ ನೆನಪಿದ್ರೆ, ಲಾಗ್ ತೆಗೆದು ಸರಾಸರಿ ಮಾಡೋದೂ ಇದೇ. ಲೇಬಲ್‌ಗೆ 1.02 ಬಂತು. ಕೇಳೋ ಹಾಡಿಗೆ 1.26, ಆ ಒಂದು ವಿಡಿಯೋ ಬಿಟ್ಟು ನೋಡಿದ್ರೆ 0.95. ಒಂದು ವಿಡಿಯೋ ತೆಗೆದ ತಕ್ಷಣ "ಲಾಭ" ಹೋಗಿ "ನಷ್ಟ" ಆಗುತ್ತೆ ಅಂದ್ರೆ, ಆ ಉತ್ತರದ ಮೇಲೆ ಭಾರ ಹಾಕಬಾರದು ಅಂತ ಅರ್ಥ.

ಎಷ್ಟು ಭಾರ ಹಾಕಬಹುದು ಅನ್ನೋದಕ್ಕೂ ಲೆಕ್ಕ ಇದೆ. ಎಂಟು ಗುಂಪುಗಳ ಏರಿಳಿತದಿಂದ ನಿಜವಾದ ಪರಿಣಾಮ ಯಾವ ವ್ಯಾಪ್ತಿಯಲ್ಲಿ ಇರಬಹುದು ಅಂತ ನೋಡಿದ್ರೆ, ಲೇಬಲ್‌ಗೆ 0.84ರಿಂದ 1.25 ಪಟ್ಟು. ಅಂದ್ರೆ ಅಕ್ಕನ ಪುಟದಲ್ಲಿ ಬರೀ ಲೇಬಲ್‌ನಿಂದ ಎರಡು ಪಟ್ಟು ಬರ್ತಿದೆ ಅನ್ನೋ ಮಾತನ್ನ ಬಿಟ್ಟುಬಿಡಬಹುದು. ಕೇಳೋ ಹಾಡಿಗೆ ವ್ಯಾಪ್ತಿ 0.6ರಿಂದ 2.6. ಇದು ಅರ್ಧಕ್ಕೆ ಹತ್ತಿರದಿಂದ ಎರಡೂವರೆ ಪಟ್ಟಿನ ತನಕ ಎಲ್ಲವನ್ನೂ ಒಳಗಿಟ್ಟುಕೊಂಡಿದೆ. ಹಾಡಿನಿಂದ ಏನೂ ಆಗಲ್ಲ ಅಂತ ನಾವು ತೋರಿಸಿಲ್ಲ. ಎಂಟು ವಾರದಲ್ಲಿ ಅದು ಕಾಣಲ್ಲ ಅಂತ ಮಾತ್ರ ತೋರಿಸಿದ್ದೀವಿ.

ಹಾಗಾದ್ರೆ ಎಷ್ಟು ಬೇಕಿತ್ತು? ಇದೇ ಮಟ್ಟದ ಏರಿಳಿತ ಇರೋ ಪುಟದಲ್ಲಿ, ಪರಿಣಾಮ ನಿಜವಾಗ್ಲೂ ಎರಡು ಪಟ್ಟಿದ್ರೆ ಹನ್ನೆರಡು, ಹದಿನಾಲ್ಕು ಜೋಡಿ ವಿಡಿಯೋಗಳಲ್ಲಿ ಕಂಡುಹಿಡೀಬಹುದು. ಪರಿಣಾಮ 1.2 ಪಟ್ಟು ಮಾತ್ರ ಇದ್ರೆ ಸುಮಾರು 175 ಜೋಡಿ ಬೇಕು. ವಾರಕ್ಕೊಂದು ಜೋಡಿ ಹಾಕೋರಿಗೆ ಮೂರು ವರ್ಷಕ್ಕಿಂತ ಜಾಸ್ತಿ. ಅಷ್ಟರಲ್ಲಿ ಆ ಹಾಡುಗಳೂ ಹಳೇವಾಗಿರ್ತವೆ, ಆ್ಯಪೂ ಬದಲಾಗಿರುತ್ತೆ. ಆದ್ದರಿಂದ "ನಾನು ಮೂರು ವಿಡಿಯೋಲಿ ಟೆಸ್ಟ್ ಮಾಡಿ ನೋಡಿದೀನಿ, ನೂರಕ್ಕೆ ಇಪ್ಪತ್ತು ಜಾಸ್ತಿ ಬಂತು" ಅಂತ ಯಾರಾದ್ರೂ ಹೇಳಿದ್ರೆ, ಅವರು ಸುಳ್ಳು ಹೇಳ್ತಿಲ್ಲ, ಆದ್ರೆ ಅವರಿಗೆ ಅದು ಗೊತ್ತಾಗೋಕೆ ಸಾಧ್ಯ ಇಲ್ಲ.

ಇನ್ನು ದೃಶ್ಯದ ಪಾಲು. ಧ್ವನಿಯ ಬಗೆ ಮರೆತು ಗುಂಪಿನಿಂದ ಗುಂಪಿಗೆ ನೋಡಿದ್ರೆ, ಅತಿ ಕಡಿಮೆ ರೀಚಿನ ಗುಂಪಿಗೂ ಅತಿ ಹೆಚ್ಚಿನದಕ್ಕೂ ಸುಮಾರು ಆರು ಪಟ್ಟು ಅಂತರ ಇತ್ತು. ಏನು ತೋರಿಸ್ತಿದ್ದೀವಿ ಅನ್ನೋದು, ಏನು ಕೇಳಿಸ್ತಿದ್ದೀವಿ ಅನ್ನೋದಕ್ಕಿಂತ ದೊಡ್ಡದು ಅಂತ ಇದು ಸೂಚಿಸುತ್ತೆ. ಸೂಚಿಸುತ್ತೆ ಅಷ್ಟೇ ಅಂತ ಯಾಕೆ ಹೇಳ್ತೀನಿ ಅಂದ್ರೆ, ಅಡುಗೆಯನ್ನ ನಾವು ದಾಳ ಹಾಕಿ ಹಂಚಿರಲಿಲ್ಲ. ಸಿಹಿಯ ಗುಂಪು ಹಬ್ಬದ ವಾರದಲ್ಲೇ ಬಿದ್ದಿತ್ತು.

ಜೊತೆಗೆ, ಶಬ್ದ ಮತ್ತು ದೃಶ್ಯ ಬಿಡಿಸೋಕೇ ಆಗದ ವಿಡಿಯೋಗಳೂ ಇವೆ. ತಾಳ ಬಿದ್ದ ಕ್ಷಣಕ್ಕೇ ಒಗ್ಗರಣೆ ಚಟಪಟ ಅನ್ನೋ ಹಾಗೆ ಕಟ್ ಮಾಡಿದ ವಿಡಿಯೋ ನೆನಪಿಸಿಕೊಳ್ಳಿ. ಹಾಡು ತೆಗೆದ್ರೆ ಆ ಕಟ್‌ಗೆ ಅರ್ಥ ಇಲ್ಲ, ಕಟ್ ತೆಗೆದ್ರೆ ಹಾಡಿಗೆ ಕೆಲಸ ಇಲ್ಲ. ಅಂಥದ್ದನ್ನ ಅಳೀಬೇಕಾದ್ರೆ ನಾಲ್ಕು ಬಗೆ ಬೇಕು: ತಾಳಕ್ಕೆ ಕಟ್ ಮಾಡಿದ್ದು ಮತ್ತು ಮಾಡದ್ದು, ಎರಡಕ್ಕೂ ಹಾಡಿರೋದು ಮತ್ತು ಇಲ್ಲದ್ದು. ತಾಳದ ಕಟ್ ಇದ್ದಾಗ ಹಾಡಿನ ಲಾಭ ಹೆಚ್ಚು, ಇಲ್ಲದಾಗ ಕಡಿಮೆ ಅಂತ ಬಂದ್ರೆ, ಆ ಹೆಚ್ಚುವರಿ ಇಬ್ಬರಿಗೂ ಸೇರಿದ್ದು. "ಅದರಲ್ಲಿ ಹಾಡಿನ ಪಾಲೆಷ್ಟು?" ಅಂತ ಕೇಳೋದು, ಉಪ್ಪು-ಹುಳಿ ಕೂಡಿದ ರುಚಿಯಲ್ಲಿ ಉಪ್ಪಿನ ಪಾಲೆಷ್ಟು ಅಂತ ಕೇಳಿದ ಹಾಗೆ. ನಮ್ಮ ಪ್ರಯೋಗ ಇದನ್ನ ಮುಟ್ಟಲೇ ಇಲ್ಲ, ಯಾಕಂದ್ರೆ ನಾವು ಹಾಡು ಗೊತ್ತಿಲ್ಲದೆ ಶೂಟ್ ಮಾಡಿದ್ದು.

ಕೊನೆಗೆ ಅಕ್ಕ ಏನು ಮಾಡಿದ್ಲು? ದಿನದ ಅಡುಗೆಗೆ ಮತ್ತೆ ಮಾತಾಡ್ತಿದ್ದಾಳೆ. ಲೆಕ್ಕದಲ್ಲಿ ಮಾತಿನಿಂದ ನಷ್ಟ ಅಂತ ತೋರಲಿಲ್ಲ, ಹಾಡು ಹುಡುಕೋಕೆ ಹೋಗ್ತಿದ್ದ ದಿನಕ್ಕೆ ಅರ್ಧ ಗಂಟೆ ಉಳೀತು. ಹೋಳಿಗೆಗೆ ಮಾತ್ರ ಹಾಡೇ ಇರ್ಲಿ ಅಂತಾಳೆ, "ಅದು ರೀಚ್‌ಗಲ್ಲ ಕಣೋ, ನಂಗಿಷ್ಟ." ಅದಕ್ಕೆ ನನ್ನ ಹತ್ತಿರ ದಾಳ ಇಲ್ಲ.

ನಿಮ್ಮಲ್ಲೂ ಯಾರಾದ್ರೂ ಇಂಥ ಪಟ್ಟಿ ಇಟ್ಕೊಂಡಿದ್ರೆ, ಸರಾಸರಿ ತೆಗೆಯೋಕೆ ಮುಂಚೆ ಹಾಡು ಹಾಕಿದವು ಯಾವ ವಿಡಿಯೋಗಳು ಅಂತ ಒಂದು ಸಲ ನೋಡಿ. ಏನು ಕಂಡಿತು ಅಂತ ನಮಗೆ ಬರೆದು ತಿಳಿಸಿ. ಮುಂದಿನ ಸಂಚಿಕೆಯಲ್ಲಿ ಸಿಗೋಣ. ನಮಸ್ಕಾರ.